ಏರಿಕೆಯ ಮೇಲೊಂದು ಇಳಿಕೆ: ಪರದೆಯ ಪಾಠಕ್ಕೊಂದು ಬರಹ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವವರಿಗಾಗಿ ಶಿಕ್ಷಕರು ತಯಾರಿಸುವ ಕಿರು ಗಣಿತ ಪಾಠಗಳಲ್ಲಿ ಸೂತ್ರವನ್ನು ಮೊದಲು ತೋರಿಸಿ, ಲೆಕ್ಕವನ್ನು ಅನಂತರ ಕೊಡುವುದು ರೂಢಿ. ಶೇಕಡಾವಾರು ಲೆಕ್ಕಗಳಲ್ಲಿ ಈ ಕ್ರಮ ತಿರುಗುಮುರುಗಾಗಬೇಕು. ಇಲ್ಲಿ ವಿದ್ಯಾರ್ಥಿ ಎಡವುವುದು ಗುಣಾಕಾರದಲ್ಲಲ್ಲ, ಪ್ರಶ್ನೆಯ ವಾಕ್ಯದಲ್ಲಿ.

ಪರದೆಯ ಮೇಲೆ ಮೊದಲು ಪ್ರಶ್ನೆಯೊಂದೇ ಇರಲಿ: “500 ರೂಪಾಯಿಯ ಸೊಲ್ಲಾಪುರದ ಚಾದರದ ಬೆಲೆಯನ್ನು ವ್ಯಾಪಾರಿಯು 20% ಏರಿಸಿ, ಏರಿದ ಬೆಲೆಯ ಮೇಲೆ 10% ರಿಯಾಯಿತಿ ಕೊಟ್ಟನು. ಮೊದಲ ಬೆಲೆಗೆ ಹೋಲಿಸಿದರೆ ಒಟ್ಟು ಬದಲಾವಣೆ ಎಷ್ಟು?”

ಧ್ವನಿ: “ಇಪ್ಪತ್ತು ಏರಿತು, ಹತ್ತು ಇಳಿಯಿತು; ಉಳಿದದ್ದು ಹತ್ತು ಎಂದು ತೋರುತ್ತದೆಯಲ್ಲವೇ? ಉತ್ತರ ಬರೆಯುವ ಮುನ್ನ ರೂಪಾಯಿಯಲ್ಲಿ ನೋಡೋಣ.”

ಪರದೆ: 500 → 600 → 540

ಧ್ವನಿ: “ಏರಿದ್ದು 40 ರೂಪಾಯಿ. ಐನೂರಕ್ಕೆ ನಲವತ್ತು ಎಂದರೆ ಶೇಕಡಾ 8. ಹಾಗಾದರೆ ಆ ಎರಡು ಎಲ್ಲಿ ಹೋಯಿತು? ರಿಯಾಯಿತಿಯು ಹಳೆಯ ಬೆಲೆಗೆ ಮಾತ್ರವಲ್ಲ, ಹೊಸದಾಗಿ ಸೇರಿದ ಇಪ್ಪತ್ತಕ್ಕೂ ತಗಲಿತು. ಇಪ್ಪತ್ತರ ಹತ್ತನೇ ಒಂದು ಭಾಗವೇ ಆ ಎರಡು.”

ಈಗ ಸೂತ್ರ ಪರದೆಗೆ ಬರಬಹುದು.

x + y + xy/100
20 − 10 − 200/100 = 8

ಏರಿಕೆಗೆ ಧನ ಚಿಹ್ನೆ, ಇಳಿಕೆಗೆ ಋಣ ಚಿಹ್ನೆ. ಒಂದು ಏರಿಕೆ, ಒಂದು ಇಳಿಕೆ ಇದ್ದಾಗ ಮೂರನೆಯ ಪದ ಋಣವಾಗುತ್ತದೆ. ಎರಡೂ ಇಳಿಕೆಗಳಾದರೆ ಅದು ಧನವಾಗುತ್ತದೆ. ಈ ಕೊನೆಯದನ್ನು ಮರೆಯುವವರೇ ಹೆಚ್ಚು. 20% ಹಾಗೂ 10% ರಿಯಾಯಿತಿಗಳು ಒಂದರ ಮೇಲೊಂದು ಬಂದರೆ ಒಟ್ಟು ಇಳಿಕೆ 28%, ಮೂವತ್ತೂ ಅಲ್ಲ, ಮೂವತ್ತೆರಡಂತೂ ಅಲ್ಲ.

ಪಾಠ ಇಲ್ಲಿಗೇ ಮುಗಿದರೆ ವಿದ್ಯಾರ್ಥಿಯು ಎರಡು ಶೇಕಡಾಗಳನ್ನು ಕಂಡಲ್ಲೆಲ್ಲ ಸೂತ್ರ ಹಚ್ಚುತ್ತಾನೆ. ಆದ್ದರಿಂದ ಅದೇ ಪ್ರಶ್ನೆಯನ್ನು ಒಂದು ಪದ ಬದಲಿಸಿ ಮತ್ತೆ ತೋರಿಸಬೇಕು: “ಏರಿದ ಬೆಲೆಯ ಮೇಲೆ” ಎಂಬಲ್ಲಿ “ಮೊದಲ ಬೆಲೆಯ ಮೇಲೆ” ಎಂದಿರಲಿ. ಈಗ ರಿಯಾಯಿತಿ 50 ರೂಪಾಯಿ, ಅಂತಿಮ ಬೆಲೆ 550, ಬದಲಾವಣೆ ಸರಿಯಾಗಿ 10%. ಅಂಕಿಗಳೆಲ್ಲ ಅವೇ, ಉತ್ತರ ಬೇರೆ. ಶೇಕಡಾ ಯಾವುದರ ಮೇಲೆ ಎಂಬುದನ್ನು ಪ್ರಶ್ನೆಯಲ್ಲಿ ಗೆರೆ ಎಳೆದು ಗುರುತಿಸುವ ಅಭ್ಯಾಸವನ್ನು ಇಲ್ಲಿಯೇ ಮಾಡಿಸಬೇಕು. ಹೊಸೂರಿನ ಮಗು ಹೊರಗೆ ‘ಸದವೀದಂ’ ಎಂದೂ ಕಾಸರಗೋಡಿನ ಮಗು ‘ಶತಮಾನಂ’ ಎಂದೂ ಕೇಳಿರುತ್ತದೆ. ಕನ್ನಡದಲ್ಲಿ ‘ಶತಮಾನ’ವೆಂದರೆ ನೂರು ವರ್ಷ, ಹಾಗಾಗಿ ಧ್ವನಿಯಲ್ಲಿ ‘ಶೇಕಡಾ’ ಎಂದಾಗಲೆಲ್ಲ ಪರದೆಯಲ್ಲಿ % ಚಿಹ್ನೆ ಕಾಣುತ್ತಿರಲಿ.

ಆಯತದ ಉದ್ದ 20% ಹೆಚ್ಚಿ ಅಗಲ 10% ಕಡಿಮೆಯಾದರೆ ವಿಸ್ತೀರ್ಣಕ್ಕೂ ಇದೇ ಸೂತ್ರ, ಇದೇ 8%. ಕೇಳಿದ್ದು ಸುತ್ತಳತೆಯಾದರೆ ಸೂತ್ರ ಸಲ್ಲದು. ಅಲ್ಲಿ ಉದ್ದ, ಅಗಲಗಳನ್ನು ಗುಣಿಸುವುದಿಲ್ಲ, ಕೂಡಿಸುತ್ತೇವೆ. ಅವುಗಳ ಅನುಪಾತ ತಿಳಿಯದೆ ಉತ್ತರ ಹೇಳಲಾಗದು.