ಒಂದು ವಿಕೃತಿ, ಮೂರು ಚಿತ್ರಗಳು: ರೋಗವಿಜ್ಞಾನದ ಅಭ್ಯಾಸದಲ್ಲಿ ದೃಶ್ಯಸ್ಮೃತಿ

ರೋಗವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಮುಂದೆ ಬರುವುದು ಹೆಸರಿಲ್ಲದ ವಸ್ತು: ಜಾಡಿಯಲ್ಲಿರಿಸಿದ ಅಂಗದ ಮಾದರಿ ಅಥವಾ ಅದರ ಛಾಯಾಚಿತ್ರ, ಸೂಕ್ಷ್ಮದರ್ಶಕದಡಿಯ ಸ್ಲೈಡು, ಕೆಲವೊಮ್ಮೆ ಕ್ಷ-ಕಿರಣ ಚಿತ್ರ. ಇವನ್ನು ಮೂರು ಪ್ರತ್ಯೇಕ ಪಟ್ಟಿಗಳಾಗಿ ಕಂಠಪಾಠ ಮಾಡುವವರು ಬಹಳ. ಆದರೆ ಮೂರೂ ಒಂದೇ ವಿಕೃತಿಯ ಮೂರು ನೋಟಗಳು. ಒಂದು ಕಾರಣದ ಎಳೆಯಲ್ಲಿ ಅವನ್ನು ಪೋಣಿಸಿದಾಗ ಒಂದು ಚಿತ್ರವು ಉಳಿದೆರಡನ್ನು ನೆನಪಿಗೆ ತರುತ್ತದೆ. ಇದನ್ನು ಲೋಬಾರ್ ನ್ಯೂಮೋನಿಯದ, ಎಂದರೆ ಶ್ವಾಸಕೋಶದ ಒಂದು ಹಾಲೆಯನ್ನೆಲ್ಲ ವ್ಯಾಪಿಸುವ ನ್ಯೂಮೋನಿಯದ, ನಿದರ್ಶನದಿಂದ ವಿವರಿಸುತ್ತೇವೆ.

ಇಲ್ಲಿ ಎಳೆಯಾಗುವ ಸಂಗತಿ ಇಷ್ಟೆ: ವಾಯುಕೋಶಗಳಲ್ಲಿ ಗಾಳಿಯಿದ್ದ ಜಾಗವನ್ನು ಉರಿಯೂತದ ಸ್ರಾವವು ತುಂಬಿಕೊಂಡಿದೆ, ಆದರೆ ಕೋಶಗಳ ಗೋಡೆಗಳು ನಾಶವಾಗಿಲ್ಲ. ಮಾದರಿಯನ್ನು ನೋಡುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗಾಳಿಯನ್ನು ಕಳೆದುಕೊಂಡ ಹಾಲೆಯು ಸ್ಪಂಜಿನಂತಿರದೆ ಯಕೃತ್ತಿನಂತೆ ಗಟ್ಟಿಯಾಗಿರುತ್ತದೆ. ವಿಕೃತಿಯು ಹಾಲೆಗಳ ನಡುವಣ ಸೀಳಿನವರೆಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ಬೂದು ಹಂತದಲ್ಲಿ ಕತ್ತರಿಸಿದ ಮೈ ಒಣಗಿದಂತೆಯೂ ಸಣ್ಣ ಕಾಳುಕಾಳಾಗಿಯೂ ತೋರುತ್ತದೆ.

ಅದೇ ಹಂತದ ಸ್ಲೈಡನ್ನು ಮೊದಲು ಕಡಿಮೆ ವರ್ಧನದಲ್ಲಿ ನೋಡಬೇಕು. ಆಗ ಶ್ವಾಸಕೋಶದ ಬಲೆಯಂಥ ರಚನೆ ಉಳಿದಿರುವುದೂ ಬಲೆಯ ಕಣ್ಣುಗಳೆಲ್ಲ ತುಂಬಿರುವುದೂ ಕಾಣುತ್ತವೆ. ವರ್ಧನವನ್ನು ಹೆಚ್ಚಿಸಿದರೆ ತುಂಬಿರುವುದು ಏನೆಂದು ತಿಳಿಯುತ್ತದೆ: ಫೈಬ್ರಿನ್ನಿನ ಗುಲಾಬಿ ಎಳೆಗಳು ಮತ್ತು ನ್ಯೂಟ್ರೋಫಿಲ್‌ಗಳು. ಮೊದಲೇ ಹೆಚ್ಚಿನ ವರ್ಧನಕ್ಕೆ ಹೋದವನಿಗೆ ಜೀವಕೋಶಗಳು ಕಾಣುತ್ತವೆಯೇ ಹೊರತು ಅಂಗವು ಕಾಣುವುದಿಲ್ಲ.

ಕ್ಷ-ಕಿರಣ ಚಿತ್ರದಲ್ಲಿ ಗಾಳಿ ಕಪ್ಪಾಗಿ ಕಾಣುವುದರಿಂದ, ಗಾಳಿಯಿಲ್ಲದ ಹಾಲೆಯು ಬೆಳ್ಳಗೆ ಕಾಣುತ್ತದೆ. ಶ್ವಾಸನಾಳಗಳಲ್ಲಿ ಗಾಳಿಯಿನ್ನೂ ಉಳಿದಿದ್ದರೆ ಆ ಬಿಳುಪಿನ ನಡುವೆ ಅವು ಕಪ್ಪು ಕವಲುಗಳಾಗಿ ತೋರುತ್ತವೆ. ಹಾಲೆಯು ತುಂಬಿದೆಯೇ ಹೊರತು ಕುಗ್ಗಿಲ್ಲವಾದುದರಿಂದ ಸೀಳು ಸಾಮಾನ್ಯವಾಗಿ ಸ್ವಸ್ಥಾನದಲ್ಲಿಯೇ ಇರುತ್ತದೆ. ಶ್ವಾಸನಾಳವು ಮುಚ್ಚಿಹೋಗಿ ಹಾಲೆಯು ಕುಸಿದಿದ್ದರೆ ಬಿಳುಪು ಹೀಗೆಯೇ ಇದ್ದರೂ ಸೀಳು ಆ ಕಡೆಗೆ ಸೆಳೆಯಲ್ಪಟ್ಟಿರುತ್ತದೆ.

ನೆನಪು ದೃಢವಾಗಲು ಹೋಲಿಕೆಯ ಚಿತ್ರಗಳೂ ಜೊತೆಗಿರಬೇಕು. ನ್ಯೂಮೋನಿಯದ ಸ್ಲೈಡಿನ ಪಕ್ಕದಲ್ಲಿ ಶ್ವಾಸಕೋಶದ ನೀರೂತದ ಸ್ಲೈಡನ್ನಿಡುವುದು ಒಳ್ಳೆಯದು: ಅಲ್ಲಿಯೂ ಕೋಶಗಳು ತುಂಬಿವೆ, ಆದರೆ ನಯವಾದ ಗುಲಾಬಿ ದ್ರವದಿಂದ, ಜೀವಕೋಶಗಳು ವಿರಳ. ಇನ್ನೊಂದು ಪಕ್ಕದಲ್ಲಿ ಕ್ಷಯದ ಸ್ಲೈಡಿರಲಿ: ಅಲ್ಲಿ ಗಿಣ್ಣಿನಂಥ ಕೊಳೆತದ ಭಾಗದಲ್ಲಿ ಬಲೆಯೇ ಅಳಿಸಿಹೋಗಿರುತ್ತದೆ. ಹೀಗೆ “ಬಲೆ ಉಳಿದಿದೆಯೆ? ಕಣ್ಣುಗಳಲ್ಲಿ ಏನಿದೆ?” ಎಂಬ ಎರಡು ಪ್ರಶ್ನೆಗಳೇ ಮೂರು ಸ್ಲೈಡುಗಳನ್ನು ಬೇರ್ಪಡಿಸುತ್ತವೆ.

ಅಭ್ಯಾಸದ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು. ಪ್ರತಿ ಚಿತ್ರವನ್ನೂ ಹೆಸರಿಲ್ಲದೆ ಒಂದೊಂದು ಕಾರ್ಡಿನ ಮೇಲೆ ಅಂಟಿಸಿ, ಹಿಂಬದಿಯಲ್ಲಿ ರೋಗದ ಹೆಸರನ್ನೂ, ಅದನ್ನು ನಿರ್ಣಯಿಸುವ ಎರಡು ಲಕ್ಷಣಗಳನ್ನೂ, ಅವುಗಳ ಕಾರಣವನ್ನೂ ಬರೆಯಬೇಕು. ಮಾದರಿಯ ಕಾರ್ಡನ್ನು ಕಂಡಾಗ, ಹಿಂಬದಿಯನ್ನು ನೋಡುವ ಮುನ್ನ, ಅದರ ಸ್ಲೈಡು ಹೇಗಿರಬೇಕೆಂದು ಪೆನ್ಸಿಲಿನಿಂದ ಗೀಚಬೇಕು. ಬರಿದೇ ಮತ್ತೆ ಮತ್ತೆ ನೋಡುವುದರಿಂದ ಪರಿಚಯ ಬೆಳೆಯುತ್ತದೆ. ನೆನಪಿನಿಂದ ಬರೆಯುವುದರಿಂದ ಕೊರತೆ ಎಲ್ಲಿದೆಯೆಂದು ತಿಳಿಯುತ್ತದೆ. ಕಾರ್ಡುಗಳನ್ನು ಕಲಸಿ, ಮರುದಿನವೊಮ್ಮೆ, ವಾರದ ಬಳಿಕವೊಮ್ಮೆ, ತಿಂಗಳ ಬಳಿಕವೊಮ್ಮೆ ತಿರುಗಿಸುವುದು ಉಚಿತ.

ಈ ವಿಧಾನದಲ್ಲಿಯೂ ಒಂದು ಮೋಸವುಂಟು. ವಿದ್ಯಾರ್ಥಿಯು ವಿಕೃತಿಯನ್ನಲ್ಲದೆ ವಸ್ತುವನ್ನೇ ಗುರುತಿಸತೊಡಗಬಹುದು: ಸ್ಲೈಡಿನ ತುಣುಕಿನ ಆಕಾರ, ಜಾಡಿಯ ಬಿರುಕು, ಛಾಯಾಚಿತ್ರದ ಹಿನ್ನೆಲೆಯ ಬಣ್ಣ. ಇದನ್ನು ಪತ್ತೆ ಮಾಡಲು ಅದೇ ರೋಗದ ಬೇರೊಂದು ಸ್ಲೈಡನ್ನು ಕೊಟ್ಟು, ಯಾವ ಲಕ್ಷಣದಿಂದ ನಿರ್ಣಯಿಸಿದೆ ಎಂದು ಬೆರಳಿಟ್ಟು ತೋರಿಸಲು ಹೇಳಬೇಕು. ಹೆಸರು ಹೇಳಿ ಲಕ್ಷಣವನ್ನು ತೋರಿಸಲಾರದವನು ಊಹಿಸಿದ್ದಾನೆ. ಆದುದರಿಂದ ಪ್ರತಿ ವಿಕೃತಿಗೂ ಕನಿಷ್ಠ ಮೂರು ಬೇರೆ ಬೇರೆ ಉದಾಹರಣೆಗಳನ್ನಾದರೂ ಸಂಗ್ರಹಿಸಬೇಕು. ಬಣ್ಣವನ್ನು ಮಾತ್ರ ನಂಬುವುದೂ ಸಲ್ಲದು. ಫಾರ್ಮಲಿನ್ನಿನಲ್ಲಿ ರಕ್ತದ ಕೆಂಪು ಕಂದಿಹೋಗುವುದರಿಂದ ಕೆಂಪು ಹಂತದ ಹಾಲೆಯೂ ಜಾಡಿಯಲ್ಲಿ ಕಂದು ಬೂದಾಗಿ ತೋರಬಹುದು.

ಚಿತ್ರವು ಹೇಳಬಲ್ಲುದಕ್ಕೂ ಮಿತಿಯಿದೆ. ಕ್ಷ-ಕಿರಣದ ಬಿಳುಪು ಗಾಳಿಯ ಜಾಗದಲ್ಲಿ ಬೇರೇನೋ ಇದೆಯೆಂದು ಮಾತ್ರ ಸಾರುತ್ತದೆ. ಅದು ಕೀವೋ, ನೀರೋ, ರಕ್ತವೋ, ಕೆಲವೊಮ್ಮೆ ಅರ್ಬುದದ ಜೀವಕೋಶಗಳೋ ಎಂಬುದನ್ನು ಅದೊಂದೇ ನಿರ್ಧರಿಸದು. ರೋಗಿಯ ವೃತ್ತಾಂತವೂ ಇತರ ಪರೀಕ್ಷೆಗಳೂ ಅಲ್ಲಿ ಬೇಕಾಗುತ್ತವೆ. ಆದುದರಿಂದ ಕ್ಷ-ಕಿರಣದ ಕಾರ್ಡಿನ ಹಿಂಬದಿಯಲ್ಲಿ ಒಂದೇ ಹೆಸರನ್ನು ಬರೆಯದೆ, ಆ ನೋಟಕ್ಕೆ ಎಡೆಕೊಡುವ ಇತರ ವಿಕೃತಿಗಳನ್ನೂ ಬರೆದಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.