ಎರಡು ಜಮೆಗಳ ಲೆಕ್ಕ ಹೇಳುವ ಪತ್ರ

ಒಂದೂವರೆ-ಎರಡು ಲಕ್ಷದ ಸುತ್ತಲೇ ಓಡಾಡುತ್ತಿದ್ದ ಖಾತೆ ಅದು. ಸೆಪ್ಟೆಂಬರ್ 11ರಂದು ಅದಕ್ಕೆ ₹17,42,000 ಬಂದು ಬೀಳುತ್ತದೆ. ಹದಿನೈದು ದಿನ ಕಳೆದು ಇನ್ನೊಂದು ₹9,04,000. ಅಕ್ಟೋಬರ್ ಮೊದಲ ವಾರದಲ್ಲಿ ಎರಡೂ ಸೇರಿ ಕೆನಡಾದ ದಾರಿ ಹಿಡಿಯುತ್ತವೆ. ಡಿಸೆಂಬರ್ 4ಕ್ಕೆ ಮಗಳ ಸ್ಟಡಿ ಪರ್ಮಿಟ್ ತಿರಸ್ಕಾರವಾಗುತ್ತದೆ.

ಇದು ಮಾತಿಗೆಂದು ಕಟ್ಟಿಕೊಂಡ ಮನೆ. ಆದರೆ ಶಿರಸಿ ಸೀಮೆಯಲ್ಲಿ ಇಂಥ ಮನೆ ಹುಡುಕಲು ಬಹಳ ದೂರ ಹೋಗಬೇಕಿಲ್ಲ. 6 ಎಕರೆ ಅಡಿಕೆ ತೋಟ, ಪೇಟೆಯಲ್ಲಿ ಬಾಡಿಗೆಗೆ ಕೊಟ್ಟ ಎರಡು ಅಂಗಡಿ. ಮಗಳಿಗೆ ಕೆನಡಾದ ಕಾಲೇಜೊಂದರಲ್ಲಿ ಎರಡು ವರ್ಷದ ಕೋರ್ಸಿಗೆ ಸೀಟು ಸಿಕ್ಕಿತ್ತು. ಮೊದಲ ವರ್ಷದ ಶುಲ್ಕ 17,500 ಡಾಲರ್ ಕಟ್ಟಿದ್ದರು. ಜೀವನವೆಚ್ಚಕ್ಕೆಂದು ಅಲ್ಲಿನ ಬ್ಯಾಂಕಿನಲ್ಲಿ 22,895 ಡಾಲರ್ ಠೇವಣಿಯನ್ನೂ ಇಟ್ಟಿದ್ದರು. ಒಬ್ಬರೇ ಹೋಗುವ ವಿದ್ಯಾರ್ಥಿ ಶುಲ್ಕ ಮತ್ತು ಪ್ರಯಾಣದ ಖರ್ಚು ಬಿಟ್ಟು ತೋರಿಸಬೇಕಾದ ಮೊತ್ತ 2025ರ ಸೆಪ್ಟೆಂಬರ್ 1ರಿಂದ ಇಷ್ಟಕ್ಕೆ ಏರಿದೆ. ಎಲ್ಲ ಸೇರಿ ₹25 ಲಕ್ಷಕ್ಕಿಂತ ಸ್ವಲ್ಪ ಮೇಲೆ. ಹಣ ಇತ್ತು, ಕಟ್ಟಿಯೂ ಆಗಿತ್ತು. ಆದರೂ ತಿರಸ್ಕಾರ ಬಂದದ್ದು ಹಣಕಾಸಿನ ಕಾರಣಕ್ಕೇ.

2025ರ ಜುಲೈ ಕೊನೆಯಿಂದ ಕೆನಡಾದ ವಲಸೆ ಇಲಾಖೆ ತಿರಸ್ಕಾರ ಪತ್ರದ ಜೊತೆ ಅಧಿಕಾರಿ ಬರೆದುಕೊಂಡ ಟಿಪ್ಪಣಿಯನ್ನೂ ಕಳಿಸಲು ಶುರುಮಾಡಿದೆ. ಈ ಮನೆಗೆ ಬಂದ ಟಿಪ್ಪಣಿಯ ಸಾರ ಇಷ್ಟು: ತಂದೆಯ ವಾರ್ಷಿಕ ಆದಾಯ ₹3.92 ಲಕ್ಷ, ಅರ್ಜಿಗೆ ಸ್ವಲ್ಪ ಮುಂಚೆ ಎರಡು ದೊಡ್ಡ ಜಮೆಗಳಿವೆ, ಅವುಗಳ ಮೂಲ ತಿಳಿಯುವುದಿಲ್ಲ, ಇಷ್ಟು ಆದಾಯದಲ್ಲಿ ಓದು ಮುಗಿಯುವವರೆಗೆ ಖರ್ಚು ನಿಭಾಯಿಸುತ್ತಾರೆ ಎಂಬುದು ಮನವರಿಕೆಯಾಗಿಲ್ಲ.

ಓದಿದ ಅಪ್ಪನಿಗೆ ಸಿಟ್ಟು. ‘ಕದ್ದ ದುಡ್ಡೇನೋ ಇದು? ಅಡಿಕೆ ಮಾರಿದ್ದು ಅಂತ ಬರೆದು ಹಾಕು.’ ಸಿಟ್ಟು ಸಹಜ. ಆದರೆ ಅಧಿಕಾರಿಯ ಕುರ್ಚಿಯಲ್ಲಿ ಕೂತು ಸ್ಟೇಟ್‌ಮೆಂಟನ್ನು ಒಮ್ಮೆ ನೋಡಬೇಕು. ಅಡಿಕೆ ಬೆಳೆಗಾರ ಉಳಿತಾಯವನ್ನು ಬ್ಯಾಂಕಿನಲ್ಲಿ ಇಡುವುದಕ್ಕಿಂತ ಚೀಲದಲ್ಲಿ ಇಡುವುದೇ ಹೆಚ್ಚು. ಚಾಲಿ ಒಣಗಿಸಿ, ಸುಲಿದು, ಅಟ್ಟದಲ್ಲೋ ಉಗ್ರಾಣದಲ್ಲೋ ಒಟ್ಟುತ್ತಾನೆ. ದರ ಏರಿದಾಗ ಅಥವಾ ಮನೆಗೆ ದೊಡ್ಡ ಖರ್ಚು ಬಂದಾಗ ಇಳಿಸಿ ಮಾರುತ್ತಾನೆ. ಮಗಳನ್ನು ವಿದೇಶಕ್ಕೆ ಕಳಿಸುವುದು ಅಂಥ ಖರ್ಚೇ. ನಮಗೆ ಇದು ಎರಡು ವರ್ಷ ಕೂಡಿಟ್ಟ ಮಾಲು. ದೂರದ ಅಧಿಕಾರಿಗೆ ಕಾಣುವುದು ಖಾಲಿ ಖಾತೆಗೆ ಏಕಾಏಕಿ ಬಂದ ದುಡ್ಡು. ಏಜೆಂಟರು ಬಡ್ಡಿಗೆ ತಂದು ಒಂದು ತಿಂಗಳು ಖಾತೆಯಲ್ಲಿ ತೋರಿಸಿ ಹಿಂದಕ್ಕೆ ಕೊಡುವ ದುಡ್ಡೂ ಸ್ಟೇಟ್‌ಮೆಂಟಿನಲ್ಲಿ ಥೇಟ್ ಹೀಗೆಯೇ ಕಾಣುತ್ತದೆ. ನಾಲ್ಕು ತಿಂಗಳ ಸ್ಟೇಟ್‌ಮೆಂಟ್ ಕೇಳುವುದೇ ಈ ವ್ಯತ್ಯಾಸ ಗೊತ್ತಾಗಲೆಂದು.

ಪತ್ರ ಬರೆಯುವ ಮುಂಚೆ ಅದರ ಸ್ಥಾನಮಾನ ತಿಳಿದಿರಬೇಕು. ಊರಲ್ಲಿ ಎಲ್ಲರೂ ‘ಕಾನ್ಸುಲೇಟಿಗೆ ಪತ್ರ’ ಎನ್ನುತ್ತಾರೆ. ಕೆನಡಾದ ವಿಷಯದಲ್ಲಿ ಅದು ಅಂಚೆಯಲ್ಲಿ ಹೋಗುವುದಿಲ್ಲ. ವಲಸೆ ಇಲಾಖೆಯ ವೆಬ್‌ಫಾರ್ಮ್‌ನಲ್ಲಿ ಅರ್ಜಿಯ ಸಂಖ್ಯೆ ತುಂಬಿ ಲಗತ್ತಿಸಬೇಕು; ಅಲ್ಲಿಂದ ಅದು ವೀಸಾ ಕಚೇರಿಗೆ ತಲುಪುತ್ತದೆ. ಇದು ಮೇಲ್ಮನವಿಯಲ್ಲ. ಇದಕ್ಕೆ ಕಾನೂನಿನಲ್ಲಿ ನಿಗದಿತ ನಮೂನೆ ಇಲ್ಲ, ಶುಲ್ಕವಿಲ್ಲ, ಇಂತಿಷ್ಟು ದಿನದಲ್ಲಿ ಉತ್ತರ ಕೊಡಬೇಕೆಂಬ ಕಟ್ಟಳೆಯೂ ಇಲ್ಲ. ನಿರ್ಧಾರ ಕೊಟ್ಟಾದ ಮೇಲೂ ಅದನ್ನು ತೆರೆದು ನೋಡುವ ವಿವೇಚನೆ ಅಧಿಕಾರಿಗಿದೆ ಎಂದು ಕೆನಡಾದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿದೆ. ವಿವೇಚನೆ ಇದೆ ಎಂದಷ್ಟೇ ಅರ್ಥ, ನೋಡಲೇಬೇಕು ಎಂದಲ್ಲ. ಎಲ್ಲ ದೇಶಗಳಲ್ಲೂ ಇಷ್ಟೂ ಇರುವುದಿಲ್ಲ. ಜರ್ಮನಿಯ ಕಾನ್ಸುಲೇಟುಗಳು ವರ್ಷಗಟ್ಟಲೆ ಇಂಥ ಆಕ್ಷೇಪ ಪತ್ರ ಸ್ವೀಕರಿಸುತ್ತಿದ್ದವು. 2025ರ ಜುಲೈ 1ರಿಂದ ಆ ಬಾಗಿಲು ಮುಚ್ಚಿತು. ಅಮೆರಿಕ 214(ಬಿ) ಅಡಿ ನಿರಾಕರಿಸಿದರೆ ಮೇಲ್ಮನವಿಯೇ ಇಲ್ಲ, ಹೊಸ ಅರ್ಜಿಯೊಂದೇ ದಾರಿ.

ಹಾಗಾದರೆ ಕೆನಡಾದ ಅಧಿಕಾರಿ ಯಾವ ಪತ್ರಕ್ಕೆ ಕಡತ ತೆರೆದಾನು? ‘ನೀವು ಕೇಳಿದ್ದಕ್ಕೆ ಉತ್ತರ ನಮ್ಮ ಕಡತದಲ್ಲೇ ಇತ್ತು, ಇಂಥ ಪುಟದಲ್ಲಿತ್ತು’ ಎಂದು ತೋರಿಸುವ ಪತ್ರಕ್ಕೆ. ಮನೆಯವರು ಅರ್ಜಿಯ ಜೊತೆ ಅಪ್‌ಲೋಡ್ ಮಾಡಿದ್ದನ್ನೆಲ್ಲ ಮತ್ತೆ ತೆರೆದು ಕೂತಾಗ ಸಿಕ್ಕಿದ್ದು ಮೂರು ಸಂಗತಿ. ಮೂರರ ತೂಕವೂ ಒಂದೇ ಅಲ್ಲ.

ಮೊದಲನೆಯದು ಆದಾಯ. ₹3.92 ಲಕ್ಷ ಎಂಬ ಅಂಕಿ ಬಂದದ್ದು ಐಟಿ ರಿಟರ್ನಿನ ಒಂದು ಪುಟದ ಅಕ್ನಾಲೆಜ್‌ಮೆಂಟಿನಿಂದ. ಅದರಲ್ಲಿ ಇರುವುದು ತೆರಿಗೆಗೆ ಒಳಪಡುವ ಒಟ್ಟು ಆದಾಯ, ಅಂದರೆ ಈ ಮನೆಯ ಮಟ್ಟಿಗೆ ಅಂಗಡಿ ಬಾಡಿಗೆ ಮತ್ತು ಬಡ್ಡಿ. ಆ ರಿಟರ್ನಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(1)ರ ಪ್ರಕಾರ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಅದು ಆ ಪುಟದಲ್ಲಿ ಕಾಣುವುದೇ ಇಲ್ಲ. ಅದು ಇರುವುದು ಪೂರ್ತಿ ರಿಟರ್ನಿನ ಒಳಗೆ, ಶೆಡ್ಯೂಲ್ ಇಐ ಎಂಬ ಭಾಗದಲ್ಲಿ. ಅಲ್ಲಿ ಒಟ್ಟು ಹುಟ್ಟುವಳಿ, ಖರ್ಚು, ಉಳಿದದ್ದು ಎಂದು ಸಾಲುಗಳಿವೆ. ನಿವ್ವಳ ಕೃಷಿ ಆದಾಯ ₹5 ಲಕ್ಷ ದಾಟಿದರೆ ಜಮೀನು ಎಷ್ಟು ಎಕರೆ, ಯಾವ ಜಿಲ್ಲೆ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ತುಂಬಬೇಕು. ಈ ಅಪ್ಪ ತುಂಬಿದ್ದರು: ನಿವ್ವಳ ₹6,20,000. ಪೂರ್ತಿ ರಿಟರ್ನ್ ಕಡತದಲ್ಲಿತ್ತು. ಪತ್ರದ ಮೊದಲ ಪ್ಯಾರಾ ಇದಕ್ಕೇ ಮೀಸಲಾಗಬೇಕು. ‘ಟಿಪ್ಪಣಿಯಲ್ಲಿರುವ ₹3.92 ಲಕ್ಷ ತೆರಿಗೆಗೆ ಒಳಪಡುವ ಆದಾಯ ಮಾತ್ರ. ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಅದನ್ನು ಪ್ರತ್ಯೇಕವಾಗಿ ತೋರಿಸಲಾಗುತ್ತದೆ. ಅರ್ಜಿಯ ಜೊತೆ ಸಲ್ಲಿಸಿದ ರಿಟರ್ನಿನ ಶೆಡ್ಯೂಲ್ ಇಐ ನೋಡಿ. ಎರಡೂ ಸೇರಿ ಕುಟುಂಬದ ಆದಾಯ ₹10.12 ಲಕ್ಷ.’ ಇಷ್ಟು ಸಾಕು.

ಇಲ್ಲಿ ಬಹಳ ಮನೆಗಳು ಎಡವುತ್ತವೆ. ಸಾಲಕ್ಕೆ ಬೇಕೆಂದು ಯಾರೋ ಸುಲಭದ ನಮೂನೆಯಲ್ಲಿ ರಿಟರ್ನ್ ತುಂಬಿಕೊಟ್ಟಿರುತ್ತಾರೆ. ಐಟಿಆರ್-1 ನಮೂನೆಯಲ್ಲಿ ₹5,000ಕ್ಕಿಂತ ಹೆಚ್ಚಿನ ಕೃಷಿ ಆದಾಯ ತೋರಿಸುವಂತೆಯೇ ಇಲ್ಲ. ಹಾಗೆ ತುಂಬಿದ ಮನೆಯವರು ಈಗ ಪತ್ರದಲ್ಲಿ ಆರು ಲಕ್ಷದ ಮಾತಾಡಿದರೆ ಅದು ಸ್ಪಷ್ಟೀಕರಣವಾಗುವುದಿಲ್ಲ, ಎರಡು ದಾಖಲೆಗಳ ಜಗಳವಾಗುತ್ತದೆ.

ಎರಡನೆಯದು ₹9,04,000. ಅಮ್ಮ 2021ರಲ್ಲಿ ಇಟ್ಟ ಎಫ್‌ಡಿ ಸೆಪ್ಟೆಂಬರಿನಲ್ಲಿ ಮಾಗಿ ಅಪ್ಪನ ಖಾತೆಗೆ ಬಂದದ್ದು. ಎಫ್‌ಡಿ ರಸೀದಿ ಕಡತದಲ್ಲಿತ್ತು. ಆದರೆ ಸ್ಟೇಟ್‌ಮೆಂಟಿನ ಸಾಲಿನಲ್ಲಿ ಇದ್ದದ್ದು ಬರೀ ಒಂದು ಸಂಖ್ಯೆ, ಅಮ್ಮನ ಹೆಸರು ಇರಲಿಲ್ಲ. ಆ ಸಂಖ್ಯೆ ರಸೀದಿಯ ಮೇಲಿನ ಖಾತೆ ಸಂಖ್ಯೆಯೇ ಎಂದು ಪತ್ರ ಒಂದು ಸಾಲಿನಲ್ಲಿ ಜೋಡಿಸಿ ಹೇಳಬೇಕು. ಅಡ್ಡಹೆಸರು ಇಂಗ್ಲಿಷಿನಲ್ಲಿ ಎಫ್‌ಡಿ ಮೇಲೆ ಒಂದು ಥರ, ಪಾಸ್‌ಪೋರ್ಟಿನಲ್ಲಿ ಒಂದು ಥರ ಇತ್ತು: ಒಂದರಲ್ಲಿ ನಡುವೆ ಎ ಅಕ್ಷರ ಇದೆ, ಇನ್ನೊಂದರಲ್ಲಿ ಇಲ್ಲ. ನಮ್ಮಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಬಹುದು. ಇಬ್ಬರೂ ಒಬ್ಬರೇ ಎಂದು ಹೇಳುವ ಅಫಿಡವಿಟ್ ಲಗತ್ತಿಸಿದರು.

ಮೂರನೆಯದೇ ಮುಜುಗರದ್ದು. ₹17,42,000ಕ್ಕೆ ಸೊಸೈಟಿಯ ಮಾರಾಟ ಪಟ್ಟಿ ಕಡತದಲ್ಲಿತ್ತು, ಕನ್ನಡದಲ್ಲಿ. ಜೊತೆಗೆ ಪಹಣಿ, ಅದೂ ಕನ್ನಡದಲ್ಲಿ. ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ ಇಲ್ಲದ ಪ್ರತಿ ದಾಖಲೆಗೂ ಅನುವಾದ, ಪ್ರಮಾಣೀಕೃತ ಅನುವಾದಕ ಅಲ್ಲದಿದ್ದರೆ ಅನುವಾದಕನ ಅಫಿಡವಿಟ್, ಮೂಲದ ಪ್ರತಿ ಇರಬೇಕು ಎಂಬುದು ನಿಯಮ. ಅನುವಾದವನ್ನು ಮನೆಯವರು ಮಾಡುವಂತಿಲ್ಲ. ಇವರು ಹಾಕಿರಲಿಲ್ಲ. ಅಂದರೆ ಅಧಿಕಾರಿಯ ಪಾಲಿಗೆ ಆ ಕಾಗದ ಇದ್ದೂ ಇಲ್ಲ. ತಪ್ಪು ಅರ್ಜಿದಾರರದ್ದೇ. ಇದನ್ನು ಮುಚ್ಚಿಡಬಾರದು: ‘ಪಟ್ಟಿಯನ್ನು ಅನುವಾದವಿಲ್ಲದೆ ಸಲ್ಲಿಸಿದ್ದು ನಮ್ಮ ಲೋಪ, ಈಗ ಅನುವಾದ ಲಗತ್ತಿಸಿದ್ದೇವೆ’ ಎಂದು ನೇರವಾಗಿ ಬರೆದರೆ ಉಳಿದ ಎರಡು ಮಾತಿಗೂ ಬೆಲೆ ಬರುತ್ತದೆ. ಆಮೇಲೆ ಲೆಕ್ಕ. ಚಾಲಿ 46 ಕ್ವಿಂಟಲ್, ಸರಾಸರಿ ದರ ₹39,000, ಒಟ್ಟು ₹17,94,000. ದಲಾಲಿ, ಹಮಾಲಿ, ಸೊಸೈಟಿಯ ಬಾಕಿ ₹52,000 ಕಳೆದು ಕೈಗೆ ಬಂದದ್ದು ₹17,42,000. ಪಟ್ಟಿಯ ಕೊನೆಯ ಅಂಕಿ ಮತ್ತು ಸ್ಟೇಟ್‌ಮೆಂಟಿನ ಅಂಕಿ ರೂಪಾಯಿಗೆ ರೂಪಾಯಿ ಕೂಡುತ್ತದೆ. ವರ್ಷಕ್ಕೆ ಆರು ಲಕ್ಷ ಉಳಿಸುವವ ಒಮ್ಮೆಗೇ ಹದಿನೇಳು ಲಕ್ಷದ ಮಾಲು ಹೇಗೆ ಮಾರಿದ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಹಿಂದಿನ ಎರಡು ವರ್ಷ ಫಸಲಿನ ಅರ್ಧದಷ್ಟನ್ನು ಮಾರದೆ ಇಟ್ಟುಕೊಂಡದ್ದನ್ನು ಎರಡು ವಾಕ್ಯದಲ್ಲಿ ಹೇಳಬೇಕು. ಈ ಮಾರಾಟ ಈಗಿನ ಆರ್ಥಿಕ ವರ್ಷದ್ದು, ಅದರ ರಿಟರ್ನ್ ಸಲ್ಲಿಸುವ ಕಾಲ ಇನ್ನೂ ಬಂದಿಲ್ಲ ಎಂಬುದನ್ನೂ ಸೇರಿಸಬೇಕು. ಇಲ್ಲದಿದ್ದರೆ ಅಧಿಕಾರಿ ಅದನ್ನು ಹಳೆಯ ರಿಟರ್ನಿನಲ್ಲಿ ಹುಡುಕಿ ಸಿಗಲಿಲ್ಲವೆನ್ನುತ್ತಾನೆ.

ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ವಂಶವೃಕ್ಷವನ್ನೂ ಅನುವಾದಿಸಿ ಇಡಬೇಕಾಗುತ್ತದೆ. ಈ ಮನೆಯಲ್ಲಿ ಖಾತೆ ಅಪ್ಪನ ಹೆಸರಿಗೆ ಆಗಿತ್ತು, ಪುಣ್ಯ.

ಬೇಡವಾದದ್ದನ್ನು ಬಿಡುವುದೂ ಒಂದು ಕೆಲಸ. ತೋಟ ಮತ್ತು ಮನೆಗೆ ಮೂರು ಕೋಟಿ ಬೆಲೆ ಕಟ್ಟಿದ ಸಿಎ ಸರ್ಟಿಫಿಕೇಟನ್ನು ಮತ್ತೊಮ್ಮೆ ಮೇಲೆತ್ತಿ ಹಿಡಿಯಲು ಅಪ್ಪ ಹೇಳಿದ್ದರು. ಅಧಿಕಾರಿ ನೋಡುತ್ತಿರುವುದು ಶುಲ್ಕಕ್ಕೆ ಒದಗುವ ದುಡ್ಡು. ಮಾರಲು ಮನಸ್ಸೇ ಇಲ್ಲದ ತೋಟದ ಬೆಲೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಗಳ ಕನಸು, ಮನೆಯ ಮಾನ, ಕೆನಡಾದ ಮೇಲಿನ ಪ್ರೀತಿ ಇವೂ ಬೇಡ. ಇನ್ನು ತಿರಸ್ಕಾರದ ನಂತರ ಭಾವನಿಂದ ತಂದು ಖಾತೆಗೆ ಹಾಕಿದ ಹೊಸ ಹತ್ತು ಲಕ್ಷವಂತೂ ಈ ಪತ್ರಕ್ಕೆ ಬರಲೇಬಾರದು. ತೀರ್ಪು ಬಂದ ದಿನ ಇಲ್ಲದಿದ್ದ ಹಣದ ಜಾಗ ಹೊಸ ಅರ್ಜಿ. ಅದನ್ನು ತನ್ನದೇ ಉಳಿತಾಯವೆಂದು ಬರೆದರೆ ಸುಳ್ಳು ಮಾಹಿತಿಯಾಗುತ್ತದೆ, ಅದಕ್ಕೆ 5 ವರ್ಷದ ನಿರ್ಬಂಧ.

ಪತ್ರ ಒಂದೂವರೆ ಪುಟಕ್ಕೆ ನಿಂತಿತು. ಕಳಿಸಿದ್ದು ಡಿಸೆಂಬರ್ 15ಕ್ಕೆ. ಸ್ವಯಂಚಾಲಿತ ಸ್ವೀಕೃತಿ ಬಂತು, ಅಷ್ಟೇ. ಇಂಥ ಪತ್ರಗಳಲ್ಲಿ ಹೆಚ್ಚಿನವಕ್ಕೆ ಬರುವ ಉತ್ತರ ‘ಮರುಪರಿಶೀಲಿಸಲು ಕಾರಣ ಕಾಣುತ್ತಿಲ್ಲ’ ಎಂಬ ಒಂದೆರಡು ಸಾಲು, ಅದೂ ವಾರಗಟ್ಟಲೆ ಕಾದ ಮೇಲೆ. ಕಾಯುವಾಗ ಜನ ಮರೆಯುವುದು ಒಂದಿದೆ. ತಿರಸ್ಕಾರವನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಲು ಕೆನಡಾದ ಹೊರಗಿನವರಿಗೆ ಇರುವುದು 60 ದಿನ. ಪತ್ರ ಬರೆದೆವೆಂದು ಆ ಗಡಿಯಾರ ನಿಲ್ಲುವುದಿಲ್ಲ. ಅಲ್ಲಿನ ವಕೀಲರ ಖರ್ಚು ನೋಡಿದರೆ ಎಲ್ಲರೂ ಆ ದಾರಿ ಹಿಡಿಯುವುದಿಲ್ಲ. 150 ಡಾಲರ್ ಕಟ್ಟಿ ಹೊಸ ಅರ್ಜಿ ಹಾಕುವುದೇ ಹೆಚ್ಚು. ಬೆರಳಚ್ಚು 10 ವರ್ಷ ನಡೆಯುವುದರಿಂದ ಅದನ್ನು ಮತ್ತೆ ಕೊಡಬೇಕಿಲ್ಲ.

ಅಪ್ಪ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿ 2ಕ್ಕೆ ಸುತ್ತು ಹಾಕಿದರು, ಅರವತ್ತನೇ ದಿನ. ಮಗಳು ಹೊಸ ಅರ್ಜಿಗೆಂದು ಬೇರೆ ಫೋಲ್ಡರ್ ತೆರೆದು, ಮೊದಲ ಪುಟಕ್ಕೆ ಅದೇ ಎರಡು ಜಮೆಗಳ ಲೆಕ್ಕವನ್ನೂ ಎರಡನೆಯದಕ್ಕೆ ಮಾರಾಟ ಪಟ್ಟಿಯ ಅನುವಾದವನ್ನೂ ಹಾಕಿಟ್ಟಳು.