ಕೆಲಸ ಸಿಕ್ಕಿತು, ಮೇಷ್ಟ್ರಿಗೊಂದು ಕಾಗದ ಬರೆದಿರಾ?

ಮಗಳಿಗೋ ಮಗನಿಗೋ ಮೊದಲ ಕೆಲಸ ಸಿಕ್ಕಿದ ದಿನ ಮನೆಯಲ್ಲಿ ಪಾಯಸವಾಗುತ್ತದೆ, ದೇವರಿಗೆ ತುಪ್ಪದ ದೀಪ ಹಚ್ಚುತ್ತೇವೆ, ನೆಂಟರಿಷ್ಟರಿಗೆಲ್ಲ ಫೋನು ಹೋಗುತ್ತದೆ. ಆ ಕೆಲಸಕ್ಕೆ ತಕ್ಕ ವಿದ್ಯೆ ಹೇಳಿಕೊಟ್ಟವರಿಗೆ ಮಾತ್ರ ಎಷ್ಟೋ ಸಲ ಸುದ್ದಿ ಬೇರೆಯವರ ಬಾಯಿಂದಲೇ ತಲುಪುತ್ತದೆ. ಮಕ್ಕಳಿಗೆ ಮನಸ್ಸಿಲ್ಲವೆಂದಲ್ಲ. "ಏನಂತ ಬರೀಲಮ್ಮಾ? ಥ್ಯಾಂಕ್ಸ್ ಅಂದ್ರೆ ಮುಗೀತಲ್ಲ" ಎನ್ನುತ್ತವೆ.

ಅವರ ಕಷ್ಟ ನಿಜವೇ. ಮನೆಯ ಹಿರಿಯರಿಗೆ ಎದುರಿಗೆ 'ಧನ್ಯವಾದ' ಹೇಳುವ ರೂಢಿ ನಮ್ಮಲ್ಲಿ ಕಡಿಮೆ. ಅದು ಸಭೆಯಲ್ಲಿ ವಂದನಾರ್ಪಣೆಯ ಹೊತ್ತಿನ ಮಾತು. ನಾವು "ದೊಡ್ಡ ಉಪಕಾರವಾಯ್ತು", "ನೀವು ಮಾಡಿದ್ದನ್ನ ಮರೆಯೋ ಹಾಗಿಲ್ಲ" ಎನ್ನುತ್ತೇವೆ. ಎಂದರೆ, ಅವರು ಮಾಡಿದ್ದನ್ನು ಬಾಯಿಬಿಟ್ಟು ನೆನೆಯುವುದೇ ನಮ್ಮ ಕೃತಜ್ಞತೆ. ಕಾಗದದಲ್ಲೂ ಅಷ್ಟನ್ನೇ ಮಾಡಬೇಕು.

ನಮ್ಮ ಬೀದಿಯ ಹುಡುಗಿಯೊಬ್ಬಳ ವಿಷಯ ಹೇಳುತ್ತೇನೆ. ಬಿ.ಕಾಂ. ಮುಗಿಸಿದ್ದಳು, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನೂ ಕಲಿತಿದ್ದಳು. ಆದರೆ ಲೆಕ್ಕ ತಾಳೆಯಾಗದಿದ್ದರೆ ತಪ್ಪನ್ನು ಎಲ್ಲಿ ಹುಡುಕಬೇಕೆಂದು ಗೊತ್ತಿರಲಿಲ್ಲ. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದ ಹಿರಿಯರೊಬ್ಬರು ಸಂಜೆ ಹೊತ್ತು ತಮ್ಮ ಮನೆಯ ಜಗುಲಿಯ ಮೇಲೆ ಅವಳಿಗೆ ಆರು ತಿಂಗಳು ಪಾಠ ಹೇಳಿದರು. ದುಡ್ಡು ಮುಟ್ಟಲಿಲ್ಲ. ತುಮಕೂರಿನ ಸಗಟು ಅಂಗಡಿಯೊಂದರಲ್ಲಿ ಅವಳಿಗೆ ಲೆಕ್ಕ ಬರೆಯುವ ಕೆಲಸವಾಯಿತು.

ಅವಳು ಮೊದಲು ಬರೆದ ಕಾಗದ ಹೀಗಿತ್ತು: "ನನ್ನ ಬಾಳಿನ ಅಂಧಕಾರವನ್ನು ಕಳೆದ ಜ್ಞಾನಜ್ಯೋತಿಯೇ, ತಮಗೆ ಅನಂತಾನಂತ ಧನ್ಯವಾದಗಳು." ಅವಳ ತಾಯಿ ಓದಿ, "ಇದನ್ನ ನಿನ್ನ ಸಂಗೀತದ ಮೇಷ್ಟ್ರಿಗೆ ಕಳಿಸಿದ್ರೂ ಆಗುತ್ತಲ್ಲೇ! ಇವರು ಏನು ಹೇಳಿಕೊಟ್ರು ಅನ್ನೋದೇ ಇಲ್ವಲ್ಲ" ಎಂದರು. ಎಂಥ ಒಳ್ಳೆಯ ಪರೀಕ್ಷೆ ನೋಡಿ! ಹೆಸರು ಬದಲಾಯಿಸಿದರೆ ಬೇರೆ ಯಾರಿಗಾದರೂ ಹೊಂದುವ ಕಾಗದ ಇವರಿಗೆ ಬರೆದದ್ದಲ್ಲ.

ತಾಯಿ ಕೇಳಿದ್ದು ಮೂರೇ ಪ್ರಶ್ನೆ. ಅವರು ಕಲಿಸಿದ್ದರಲ್ಲಿ ಯಾವುದು ಕೈಹಿಡಿಯಿತು? ಎಲ್ಲಿ, ಹೇಗೆ? ಈಗ ನಿನ್ನ ಕೆಲಸ ಹೇಗೆ ನಡೆದಿದೆ? ಉತ್ತರ ಜೋಡಿಸಿದಾಗ ಕಾಗದ ಹೀಗಾಯಿತು:

"ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಅಂದು ಫೋನಿನಲ್ಲಿ ತಿಳಿಸಿದಂತೆ ಸೋಮವಾರ ಕೆಲಸಕ್ಕೆ ಸೇರಿದೆ. ಸಂದರ್ಶನದ ದಿನ ನಡೆದದ್ದನ್ನು ನಿಮಗೆ ಹೇಳಲೇಬೇಕು. ಅಂಗಡಿಯ ಬ್ಯಾಂಕ್ ಲೆಕ್ಕ ಕೊಟ್ಟು ತಾಳೆ ನೋಡು ಎಂದರು. 270 ರೂಪಾಯಿ ವ್ಯತ್ಯಾಸ ಬರುತ್ತಿತ್ತು. ವ್ಯತ್ಯಾಸವನ್ನು ಮೊದಲು ಒಂಬತ್ತರಿಂದ ಭಾಗಿಸಿ ನೋಡು ಎಂದು ನೀವು ಹೇಳುತ್ತಿದ್ದದ್ದು ನೆನಪಾಯಿತು. ಭಾಗವಾಯಿತು. ಅಂಕಿ ಅದಲುಬದಲಾಗಿರಬಹುದೆಂದು ಹುಡುಕಿದೆ. ಕರೆಂಟ್ ಬಿಲ್ಲಿಗೆ ಕೊಟ್ಟ ಚೆಕ್ಕು 3,630 ರೂಪಾಯಿನದು, ಕಂಪ್ಯೂಟರಿನಲ್ಲಿ 3,360 ಎಂದು ಹೊಡೆದಿದ್ದರು. ಈ ಉಪಾಯ ಯಾರು ಹೇಳಿಕೊಟ್ಟರು ಎಂದು ಯಜಮಾನರು ಕೇಳಿದರು. ನಿಮ್ಮ ಹೆಸರು ಹೇಳಿದೆ. ಈಗ ದಿನವೂ ಸಂಜೆ ತಾಳೆ ನೋಡಿಯೇ ಮನೆಗೆ ಹೊರಡುತ್ತೇನೆ. ಆರು ತಿಂಗಳು ನಿಮ್ಮ ಸಂಜೆಗಳನ್ನು ನನಗೆ ಕೊಟ್ಟಿರಿ, ಆ ಉಪಕಾರ ಮರೆಯುವಂಥದ್ದಲ್ಲ. ಪಾಠದ ನಡುವೆ ಕಾಫಿ ತಂದುಕೊಡುತ್ತಿದ್ದ ಅಮ್ಮನವರಿಗೂ ನನ್ನ ನಮಸ್ಕಾರ ತಿಳಿಸಿ. ಇತಿ ನಿಮ್ಮ ಆಶೀರ್ವಾದ ಬೇಡುವ..."

ಒಂಬತ್ತರ ಲೆಕ್ಕ ನಿಮಗೂ ಬೇಕಾದೀತು, ಹೇಳಿಬಿಡುತ್ತೇನೆ. ಒಂದು ಸಂಖ್ಯೆಯಲ್ಲಿ ಎರಡು ಅಂಕಿ ಹಿಂದುಮುಂದಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 63ನ್ನು 36 ಎಂದು ಬರೆದರೆ ವ್ಯತ್ಯಾಸ 27. ಭಾಗವಾದ ಮಾತ್ರಕ್ಕೆ ತಪ್ಪು ಅದೇ ಎನ್ನುವ ಹಾಗಿಲ್ಲ. 100ಕ್ಕೆ ಸೊನ್ನೆ ಜಾಸ್ತಿ ಬಿದ್ದು 1,000 ಆದರೂ ವ್ಯತ್ಯಾಸ 900, ಅದೂ ಭಾಗವಾಗುತ್ತದೆ. ಆದರೂ ಎಲ್ಲಿಂದ ಹುಡುಕಬೇಕೆಂಬ ಜಾಡು ಸಿಗುತ್ತದೆ. ಮಹಿಳಾ ಸಂಘದ ಉಳಿತಾಯದ ಪುಸ್ತಕದಲ್ಲೂ ಒಮ್ಮೆ ಪ್ರಯತ್ನಿಸಿ ನೋಡಿ.

ಎರಡನೆಯ ಕಾಗದದಲ್ಲಿ 'ಧನ್ಯವಾದ' ಎಂಬ ಮಾತೇ ಇಲ್ಲ, ಗಮನಿಸಿದಿರಾ? ಕಂಪ್ಯೂಟರ್ ಬಂದ ಮೇಲೆ ತಮ್ಮ ಕೈಬರಹದ ವಿದ್ಯೆಗೆ ಬೆಲೆ ಹೋಯಿತೆಂದು ಆ ಹಿರಿಯರು ಕೊರಗುತ್ತಿದ್ದರು. ಕಂಪ್ಯೂಟರ್ ಕೂಡುವುದರಲ್ಲಿ ತಪ್ಪುವುದಿಲ್ಲ, ಆದರೆ ಬೆರಳು ತಪ್ಪಿ ಹೊಡೆದ ಅಂಕಿಯನ್ನು ಅದು ಸರಿಯೆಂದೇ ಕೂಡಿಬಿಡುತ್ತದೆ. ತಮ್ಮ ಪಾಠ ಇಂದಿಗೂ ನಡೆಯುತ್ತದೆಂದು ಅವರಿಗೆ ತಿಳಿದದ್ದು ಆ 270 ರೂಪಾಯಿಯಿಂದ. 'ಜ್ಞಾನಜ್ಯೋತಿ' ಎಂದಿದ್ದರೆ ತಿಳಿಯುತ್ತಿರಲಿಲ್ಲ.

ಇನ್ನು ಯಾವಾಗ ಬರೆಯಬೇಕು? ನೇಮಕದ ಆದೇಶ ಕೈಗೆ ಬಂದ ದಿನವೇ ಫೋನು ಮಾಡಿ ಸುದ್ದಿ ಮುಟ್ಟಿಸಲಿ. ಕಾಗದ ಮಾತ್ರ ಕೆಲಸಕ್ಕೆ ಸೇರಿ ಒಂದು ವಾರವಾದ ಮೇಲೆ ಬರೆಯುವುದು ಒಳ್ಳೆಯದು. ಅಷ್ಟರಲ್ಲಿ ಹೇಳಲು ವಿಷಯವೂ ಇರುತ್ತದೆ. ಮೊದಲ ಸಂಬಳ ಬರಲಿ, ಸೀರೆ ಪಂಚೆ ಕೊಡುವಾಗಲೇ ಹೇಳಿದರಾಯ್ತು ಎಂದು ಕಾದರೆ ತಿಂಗಳು ದಾಟುತ್ತದೆ, ಆಮೇಲೆ ಸಂಕೋಚದಿಂದ ನಿಂತೇಹೋಗುತ್ತದೆ. ಉಡುಗೊರೆ ಬೇರೆ, ಕಾಗದ ಬೇರೆ.

ಸಂಬೋಧನೆಯಲ್ಲಿ ಒಂದು ಎಚ್ಚರಿಕೆ ಬೇಕು. 'ತಾವು' ಎಂದು ಶುರುಮಾಡಿದರೆ ಕೊನೆಯವರೆಗೂ 'ತಾವು, ತಮ್ಮ' ಎಂದೇ ಇರಲಿ. ನಡುವೆ 'ನಿಮ್ಮ' ಬಂದರೆ ಎಲ್ಲಿಂದಲೋ ನಕಲು ಮಾಡಿದ್ದೆಂದು ತಿಳಿದುಹೋಗುತ್ತದೆ. ದಿನವೂ 'ನೀವು' ಎಂದು ಮಾತಾಡಿಸುವವರಿಗೆ ಕಾಗದದಲ್ಲೂ 'ನೀವು' ಎನ್ನುವುದೇ ಸಹಜ, ಅದರಿಂದ ಗೌರವವೇನೂ ಕಡಿಮೆಯಾಗದು.

ಬರೆಯಬಾರದ್ದು ಎರಡಿದೆ. ಸಂಬಳದ ಮೊತ್ತ ಬೇಡ, ಅವರು ಕೇಳಿದರೆ ಬಾಯಲ್ಲಿ ಹೇಳಲಿ. ಅದೇ ಕಾಗದದಲ್ಲಿ "ತಮ್ಮನಿಗೂ ಒಂದು ದಾರಿ ತೋರಿಸಿ" ಎಂಬ ಬೇಡಿಕೆಯಂತೂ ಬೇಡವೇ ಬೇಡ. ಆ ಒಂದು ಸಾಲು ಬಿದ್ದರೆ ಮೇಲಿನದೆಲ್ಲ ಅದಕ್ಕೆ ಹಾಕಿದ ಪೀಠಿಕೆಯಂತೆ ಕಾಣುತ್ತದೆ. ತಮ್ಮನ ವಿಷಯ ಇನ್ನೊಂದು ದಿನ ಮನೆಗೇ ಹೋಗಿ ಕೇಳಬಹುದು.

ವಾಟ್ಸ್ಯಾಪ್‌ನಲ್ಲಿ ಕಳಿಸಬಾರದೇ ಎಂದು ಕೇಳುವಿರಿ. ಕಳಿಸಬಹುದು, ಆದರೆ ಹತ್ತು ಜನರ ಗುಂಪಿಗಲ್ಲ, ಅವರೊಬ್ಬರಿಗೇ. ಹೂವಿನ ಚಿತ್ರದ ಮೇಲೆ ಯಾರೋ ಬರೆದ ಸಾಲು ಬೇಡ, ತನ್ನದೇ ಮಾತಿರಲಿ. ಕಣ್ಣು ಮಂಜಾದ ಹಿರಿಯರಾದರೆ ಗೆರೆಯುಳ್ಳ ಹಾಳೆಯಲ್ಲಿ, ಅಕ್ಷರ ದಪ್ಪಗೆ, ಸಾಲು ಬಿಟ್ಟು ಸಾಲು ಬರೆದು ಅಂಚೆಗೆ ಹಾಕುವುದೇ ಮೇಲು. ವಿಳಾಸದಲ್ಲಿ ಪಿನ್ ಕೋಡಿನ ಆರೂ ಅಂಕಿಗಳನ್ನು ಒಮ್ಮೆ ತಾಳೆ ನೋಡಿ. ಲಕೋಟೆಯ ಮೇಲೆ ಕಳಿಸಿದವರ ವಿಳಾಸವೂ ಇರಲಿ, ಮೇಷ್ಟ್ರಿಗೂ ಉತ್ತರ ಬರೆಯುವ ಮನಸ್ಸಾಗಬಹುದು.